"ಹೀ ಈಸ್ ಸಿಟ್ಟಿಂಗ್" ಅಂದ್ರೆ ಕೂರ್ತಿದ್ದಾನಾ, ಕೂತಿದ್ದಾನಾ?

ಸುಮಾ_ಟ್ಯೂಷನ್

ಎಲ್ರಿಗೂ ನಮಸ್ಕಾರ. ಏಳನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಹೇಳ್ಕೊಡ್ತೀನಿ. ಅವರ ಗೈಡಲ್ಲಿ ಒಂದು ಚಾರ್ಟ್ ಇದೆ, "ಈಸ್" ಜೊತೆ ಐಎನ್‌ಜಿ ಬಂದ್ರೆ ಕನ್ನಡದಲ್ಲಿ "ಉತ್ತಿದ್ದಾನೆ" ಹಾಕಿ, "ಹ್ಯಾಸ್" ಬಂದ್ರೆ "ಇದ್ದಾನೆ" ಹಾಕಿ ಅಂತ. ಹೀ ಈಸ್ ರೀಡಿಂಗ್, ಓದುತ್ತಿದ್ದಾನೆ. ಹೀ ಹ್ಯಾಸ್ ರೆಡ್, ಓದಿದ್ದಾನೆ. ಇಲ್ಲೀವರೆಗೆ ಸರಿ. ಈ ವಾರ ಅಭ್ಯಾಸದಲ್ಲಿ "ಹೀ ಈಸ್ ಸಿಟ್ಟಿಂಗ್ ಆನ್ ದ ಚೇರ್" ಬಂತು. ಒಬ್ಬ ಹುಡುಗ ಚಾರ್ಟ್ ನೋಡ್ಕೊಂಡು "ಅವನು ಕುರ್ಚಿಯ ಮೇಲೆ ಕುಳಿತುಕೊಳ್ಳುತ್ತಿದ್ದಾನೆ" ಅಂತ ಬರೆದ, ಪಕ್ಕದ ಹುಡುಗಿ ಚಾರ್ಟ್ ನೋಡದೆ "ಕುಳಿತಿದ್ದಾನೆ" ಅಂತ ಬರೆದಳು. ಕಿವಿಗೆ ಹುಡುಗಿದೇ ಸರಿ ಅನ್ಸುತ್ತೆ. ಆದ್ರೆ ಚಾರ್ಟ್ ಪ್ರಕಾರ ಅದು "ಹ್ಯಾಸ್ ಸ್ಯಾಟ್" ಆಗ್ಬೇಕಲ್ವಾ? ಮಕ್ಕಳಿಗೆ ಏನು ಕಾರಣ ಹೇಳೋದು?

ಹಳೇಮೇಷ್ಟ್ರು

ಚಾರ್ಟ್ ಸರಿಯಾಗೇ ಇದೆ ಅಮ್ಮಾ. ನಾನು ಸರ್ವಿಸ್ ಪೂರ್ತಿ ಅದನ್ನೇ ಹೇಳ್ಕೊಟ್ಟಿದ್ದು. "ಉತ್ತ" ಇದ್ರೆ ಕೆಲಸ ನಡೀತಿದೆ ಅಂತ, "ಇದ್ದಾನೆ" ಮಾತ್ರ ಇದ್ರೆ ಕೆಲಸ ಮುಗಿದಿದೆ ಅಂತ. ಕುಳಿತಿದ್ದಾನೆ ಅಂದ್ರೆ ಕೂರೋ ಕೆಲಸ ಮುಗೀತು, ಅದು ಪರ್ಫೆಕ್ಟೇ. ಆಡುಮಾತಲ್ಲಿ ಜನ ಹೇಗೋ ಹೇಳ್ತಾರೆ, ಪರೀಕ್ಷೆಯಲ್ಲಿ ನಿಯಮದ ಪ್ರಕಾರ ಬರೀಲಿ.

ಸಬ್‌ಟೈಟಲ್_ಸೀನ

ಮೇಷ್ಟ್ರೇ, ನೀವು ಹೇಳಿದ್ದರಲ್ಲಿ ಅರ್ಧ ಪೂರ್ತಿ ಸರಿ, ಕುಳಿತಿದ್ದಾನೆ ಅನ್ನೋದು ಕನ್ನಡದ ರೂಪದಲ್ಲಿ ಪರ್ಫೆಕ್ಟೇ. ಆದ್ರೆ ಅದರಿಂದ ಇಂಗ್ಲಿಷಲ್ಲೂ ಪರ್ಫೆಕ್ಟ್ ಆಗ್ಬೇಕು ಅನ್ನೋದು ಬರಲ್ಲ. ನಾನು ಸಬ್‌ಟೈಟಲ್ ಬರೆಯೋನು, ಎರಡೂ ಕಡೆಯಿಂದ ದಿನಾ ಇದೇ ಗುದ್ದಾಟ.

ವ್ಯತ್ಯಾಸ ಇರೋದು ಕ್ರಿಯಾಪದದ ಒಳಗೆ. ಕನ್ನಡದ "ಕೂರು" ಅನ್ನೋದು ಒಂದು ಕ್ಷಣದ ಕೆಲಸ, ನಿಂತಿರೋನು ಕೆಳಗಿಳಿದು ಕುರ್ಚಿ ಮುಟ್ಟೋವರೆಗೆ ಮಾತ್ರ. ಮುಟ್ಟಿದ ಮೇಲೆ ಕೂರೋದು ಮುಗೀತು, ಆಮೇಲೆ ಇರೋದು ಕೂತ ಸ್ಥಿತಿ. ಆ ಸ್ಥಿತಿ ಹೇಳೋಕೆ ನಾವು "ಕೂತು" ಜೊತೆ "ಇರು" ಸೇರಿಸ್ತೀವಿ, ಕೂತು ಇದ್ದಾನೆ, ಕೂತಿದ್ದಾನೆ. ಇಂಗ್ಲಿಷಿನ ಸಿಟ್ ಹಾಗಲ್ಲ, ಕುರ್ಚಿ ಮೇಲೆ ಗಂಟೆಗಟ್ಟಲೆ ಇರೋದೂ ಅದರ ಪ್ರಕಾರ ಸಿಟ್ಟಿಂಗೇ, ಅಂದ್ರೆ ಅವರಿಗೆ ಕೆಲಸ ಇನ್ನೂ ನಡೀತಾನೇ ಇದೆ. ಕೆಳಗೆ ಇಳಿಯೋ ಆ ಒಂದು ಕ್ಷಣವನ್ನೇ ಹೇಳ್ಬೇಕು ಅಂದ್ರೆ ಅವರು ಸಾಮಾನ್ಯವಾಗಿ "ಡೌನ್" ಅಂತ ಸೇರಿಸ್ಕೋತಾರೆ, ಹೀ ಈಸ್ ಸಿಟ್ಟಿಂಗ್ ಡೌನ್. ನಿಮ್ಮ ಹುಡುಗ ಬರೆದ "ಕುಳಿತುಕೊಳ್ಳುತ್ತಿದ್ದಾನೆ" ಅದಕ್ಕೆ ಸರಿಯಾದ ಅನುವಾದ. ಕುರ್ಚಿ ಮೇಲೆ ಆರಾಮಾಗಿ ಇರೋನಿಗೆ ಹುಡುಗಿ ಬರೆದದ್ದೇ ಸರಿ.

ಇಂಥವು ಒಂದು ಗುಂಪೇ ಇದೆ. ಶೀ ಈಸ್ ಸ್ಟ್ಯಾಂಡಿಂಗ್, ನಿಂತಿದ್ದಾಳೆ. ಲೈಯಿಂಗ್ ಆನ್ ದ ಬೆಡ್, ಮಲಗಿದ್ದಾಳೆ. ಹೋಲ್ಡಿಂಗ್ ಎ ಬುಕ್, ಪುಸ್ತಕ ಹಿಡ್ಕೊಂಡಿದ್ದಾಳೆ. ವೇರಿಂಗ್ ಎ ರೆಡ್ ಸ್ಯಾರಿ, ಕೆಂಪು ಸೀರೆ ಉಟ್ಟಿದ್ದಾಳೆ. ಕೊನೇದಕ್ಕೆ ಚಾರ್ಟ್ ಹಾಕಿ "ಉಡುತ್ತಿದ್ದಾಳೆ" ಅಂತ ಬರೆದ್ರೆ ಅವಳಿನ್ನೂ ರೂಮಲ್ಲಿ ನೆರಿಗೆ ಹಿಡೀತಿದ್ದಾಳೆ ಅಂತ ಅರ್ಥ. ಒಂದು ಡ್ರಾಫ್ಟ್ ನನ್ನ ಹತ್ರ ತಿದ್ದೋಕೆ ಬಂದಿತ್ತು, ಅದರಲ್ಲಿ ಮದುವೆ ಸೀನಲ್ಲಿ ಎಲ್ಲರ ಮುಂದೆ ಬಂದು ನಿಂತ ಹೆಣ್ಣಿನ ಬಗ್ಗೆ ಹಾಗೇ ಬರೆದಿದ್ರು.

ಇಂಟರ್‌ವ್ಯೂ_ಮುಂದಿನವಾರ

ಇಲ್ಲಿ ಟೆನ್ಸ್ ಬಗ್ಗೆ ಮಾತಾಡ್ತಿದ್ದೀರಾ ಅಂತ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ. ನನಗೆ ಮುಂದಿನ ವಾರ ಇಂಟರ್‌ವ್ಯೂ ಇದೆ. ಈಗಿನ ಕಂಪನೀಲಿ 2019ರಿಂದ ಕೆಲಸ ಮಾಡ್ತಾ ಇದೀನಿ ಅನ್ನೋದನ್ನ "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2019" ಅಂದ್ರೆ ಸಾಕಲ್ವಾ? ಫ್ರೆಂಡ್ ತಪ್ಪು ಅಂತಾನೆ. ಮಾಡ್ತಾ ಇದೀನಿ ಅಂದ್ರೆ ಆಮ್ ವರ್ಕಿಂಗ್ ತಾನೇ, ಇದರಲ್ಲಿ ತಪ್ಪೇನು? ಮತ್ತೆ ಕುರ್ಚಿ ಪ್ರಶ್ನೆಗೆ ನನ್ನ ಓಟು ಕುಳಿತಿದ್ದಾನೆ, ಇಂಟರ್‌ವ್ಯೂನಲ್ಲಿ ಕೂರೋಕೆ ಹೇಳಿದ್ರೆ ಥ್ಯಾಂಕ್ಯೂ ಹೇಳಿ ಕೂತ್ಕೋಬೇಕು ಅಷ್ಟೇ ಗೊತ್ತು ನನಗೆ.

ಸಬ್‌ಟೈಟಲ್_ಸೀನ

ನಿಮ್ಮ ಪ್ರಶ್ನೆ ಬೇರೆ, ಆದ್ರೂ ಅದೇ ಕಾಯಿಲೆ ಉಲ್ಟಾ. "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019" ಅನ್ನಿ.

ಹಿಂದೆ ಯಾವಾಗಲೋ ಶುರುವಾಗಿ ಈಗಲೂ ನಡೀತಿರೋ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಕ್ರಿಯಾರೂಪ ಬೇಕಾಗೇ ಇಲ್ಲ. ಶುರುವಾದ ಸಮಯಕ್ಕೆ "ಇಂದ" ಹಚ್ಚಿದ್ರೆ ಹಿಂದಿನ ಭಾಗ ಬಂದುಬಿಡ್ತು, ಕ್ರಿಯಾಪದ ಈಗಿನದ್ದನ್ನ ಮಾತ್ರ ಹೇಳಿದ್ರೆ ಸಾಕು. 2019ರಿಂದ ಮಾಡ್ತಿದೀನಿ. ಇಂಗ್ಲಿಷಿಗೆ ಅದು ಸಾಲಲ್ಲ, ಸಿನ್ಸ್ ಇದ್ರೂ ಕ್ರಿಯಾಪದ ಕೂಡ ಹಿಂದೆ ಹೋಗಿ ಅಲ್ಲಿಂದ ಇಲ್ಲೀವರೆಗೆ ಚಾಚಬೇಕು, ಹ್ಯಾವ್ ಬೀನ್ ಮಾಡೋದು ಆ ಕೆಲಸ. ಆದ್ರಿಂದ ಕನ್ನಡದ ವಾಕ್ಯದಲ್ಲಿ "ಇಂದ" ಕಂಡು ಕ್ರಿಯಾಪದ "ತಿದೀನಿ"ಲಿ ಮುಗಿದಿದ್ರೆ ಇಂಗ್ಲಿಷಲ್ಲಿ ಆಮ್ ಅಂತ ಶುರುಮಾಡೋ ಮೊದಲೇ ನಾಲಿಗೆ ತಡೀರಿ.

ಗೊತ್ತು, ಇರು ಇಂಥವಕ್ಕೂ ಅದೇ ಲೆಕ್ಕ. "ಐ ಹ್ಯಾವ್ ನೋನ್ ಹಿಮ್ ಸಿನ್ಸ್ 2010" ಅನ್ನೋದಕ್ಕೆ ನಾವು "2010ರಿಂದ ಅವನು ನಂಗೆ ಗೊತ್ತು" ಅಂತೀವಿ, ಅವರ ಪರ್ಫೆಕ್ಟಿಗೆ ನಮ್ಮಲ್ಲಿ ಕಾಲ ತೋರ್ಸೋ ಪ್ರತ್ಯಯಾನೇ ಇಲ್ಲ. "ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್", ಹತ್ತು ವರ್ಷದಿಂದ ಇಲ್ಲೇ ಇದೀನಿ. ಇದರಲ್ಲಿ "ಇಂದ" ತೆಗೆದು "ಹತ್ತು ವರ್ಷ ಇಲ್ಲಿದ್ದೆ" ಅಂದ್ರೆ ಊರು ಬಿಟ್ಟಾಯ್ತು ಅಂತ, ಆಗ ಇಂಗ್ಲಿಷಲ್ಲಿ ಬರೀ "ಲಿವ್ಡ್".

ಇಂಟರ್‌ವ್ಯೂಗೆ ಇನ್ನೊಂದು ಹೇಳ್ತೀನಿ. ಫಾರ್, ಸಿನ್ಸ್ ಎರಡಕ್ಕೂ ನಮ್ಮಲ್ಲಿ ಇರೋದು ಒಂದೇ "ಇಂದ", ಅದಕ್ಕೇ "ಸಿನ್ಸ್ ಫೈವ್ ಇಯರ್ಸ್" ಅಂತ ಬಾಯಿಗೆ ಬರೋದು. "ಎರಡು ಗಂಟೆಯಿಂದ ಕಾಯ್ತಿದೀನಿ" ಅಂತ ಯಾರಾದ್ರೂ ಮೆಸೇಜ್ ಹಾಕಿದ್ರೆ ಮಧ್ಯಾಹ್ನ ಎರಡಕ್ಕೆ ಬಂದವರೋ ಅಥವಾ ಬಂದು ಎರಡು ಗಂಟೆ ಆಯ್ತೋ ಅಂತ ವಾಕ್ಯ ನೋಡಿ ಹೇಳೋಕೇ ಆಗಲ್ಲ. ಮೊದಲನೇದಾದ್ರೆ ಸಿನ್ಸ್ ಟೂ, ಎರಡನೇದಾದ್ರೆ ಫಾರ್ ಟೂ ಅವರ್ಸ್.

ಗುರುಪಾದ_ಉ

ನಮ್ಮ ಕಡೆ ಆ ತ್ರಾಸ ಇಲ್ರಿ. ಎರಡು ತಾಸಿನಿಂದ ಅಂದ್ರ ಅವಧಿ, ಎರಡು ಗಂಟೇದಿಂದ ಅಂದ್ರ ಗಡಿಯಾರ. 😀

ಕುರ್ಚಿ ವಿಷಯಕ್ಕ ಬಂದ್ರ ನಮ್ಮ ಮಾತಿನ್ಯಾಗ ಇದು ಇನ್ನೂ ನಿಚ್ಚಳ ಕಾಣತೈತಿ ನೋಡ್ರಿ. ನಡದಿರೋ ಕೆಲಸಕ್ಕ ನಾವು "ಹತ್ತು" ಹಚ್ಚತೀವಿ, ಓದಾಕ ಹತ್ತ್ಯಾನ, ಓದಾಕತ್ತಾನ. ಮುಗದು ಹಂಗ ನಿಂತಿರೋ ಸ್ಥಿತಿಗೆ "ಬಂದಾನ", "ಕುಂತಾನ", "ನಿಂತಾನ". ಕುರ್ಚಿ ಮ್ಯಾಲ ಇರಾಂವಗ ಯಾರೂ "ಕುಂದ್ರಾಕತ್ತಾನ" ಅನ್ನಂಗಿಲ್ಲ, ಕುಂತಾನ ಅಂತಾರ. "ಬಂದ" ಅಂದ್ರ ಬರೇ ಬಂದದ್ದು, "ಬಂದಾನ" ಅಂದ್ರ ಬಂದು ಇನ್ನೂ ಇಲ್ಲೇ ಅದಾನ. ಮಕ್ಕಳಿಗೆ ಮನಿ ಮಾತಿನಿಂದ ಶುರು ಮಾಡಿದ್ರ ಚಾರ್ಟ್ ಬೇಕಾಗಂಗಿಲ್ಲ ಅನಸ್ತೈತಿ.

ಸುಮಾ_ಟ್ಯೂಷನ್

ಗುರುಪಾದ ಅವರೇ ಇದು ಚೆನ್ನಾಗಿದೆ. ಆದ್ರೆ ಮಕ್ಕಳು ಕೇಳೋದು, ಯಾವ ಕ್ರಿಯಾಪದ ಈ ಗುಂಪಿಗೆ ಸೇರುತ್ತೆ ಅಂತ ಹೇಗೆ ಕಂಡುಹಿಡಿಯೋದು? ಲಿಸ್ಟ್ ಬಾಯಿಪಾಠ ಮಾಡ್ಸೋಕೆ ನನಗಿಷ್ಟ ಇಲ್ಲ. ಇವತ್ತು ಒಬ್ಬಳು "ಹೀ ಈಸ್ ಸ್ಲೀಪಿಂಗ್" ಕೊಟ್ಟು ಮಲಗಿದ್ದಾನೆ, ನಿದ್ದೆ ಮಾಡ್ತಿದ್ದಾನೆ ಎರಡೂ ಸರೀನಾ ಅಂತ ಕೇಳಿದಳು.

ಸಬ್‌ಟೈಟಲ್_ಸೀನ

ಎರಡೂ ಸರಿ, ಅದು ಒಳ್ಳೇ ಪ್ರಶ್ನೆ. ನಿದ್ದೆ ಮಾಡೋದು ಅನ್ನೋದನ್ನ ಕನ್ನಡ ನಡೀತಿರೋ ಕೆಲಸ ಅಂತ ನೋಡುತ್ತೆ, ಮಲಗೋದನ್ನ ಒಂದು ಸಲ ಆಗಿ ಮುಗಿಯೋ ಕೆಲಸ ಅಂತ ನೋಡುತ್ತೆ. ಒಬ್ಬನೇ ಮನುಷ್ಯ, ಒಂದೇ ಮಂಚ, ಎರಡು ರೂಪ.

ಲಿಸ್ಟ್ ಇಲ್ಲದೆ ಕಂಡುಹಿಡಿಯೋಕೆ "ಇನ್ನೂ" ಹಾಕಿ ಇಲ್ಲ ಅನ್ನಿಸಿ ನೋಡಿ. ಕನ್ನಡದಲ್ಲಿ ನಿಷೇಧ ಬಂದ ತಕ್ಷಣ ಆನೆ ಆಳೆ ಎಲ್ಲಾ ಉದುರಿಹೋಗಿ ಬರೀ ಅಸ್ಥಿಪಂಜರ ಉಳಿಯುತ್ತೆ, ಯಾವ ರೂಪ ಅಂತ ಬರಿಗಣ್ಣಿಗೆ ಕಾಣುತ್ತೆ. "ಬರು" ತಗೊಳ್ಳಿ. ಬರ್ತಾ ಇಲ್ಲ ಅಂದ್ರೆ ಈಸ್ ನಾಟ್ ಕಮಿಂಗ್. ಬಂದಿಲ್ಲ ಅಂದ್ರೆ ಹ್ಯಾಸ್ ನಾಟ್ ಕಮ್. ಬರಲಿಲ್ಲ ಅಂದ್ರೆ ಡಿಡ್ ನಾಟ್ ಕಮ್. ಬಂದಿರಲಿಲ್ಲ ಅಂದ್ರೆ ಹ್ಯಾಡ್ ನಾಟ್ ಕಮ್. ಈಗ ಮಕ್ಕಳನ್ನ ಕೇಳಿ, ಕುರ್ಚಿ ಖಾಲಿ ಇದೆ, ಹುಡುಗ ಪಕ್ಕದಲ್ಲಿ ನಿಂತಿದ್ದಾನೆ, ಏನಂತೀರಿ? "ಅವನಿನ್ನೂ ಕೂತಿಲ್ಲ" ಅಂತಾರೆ. ಅಂದ್ರೆ ಕೂತಮೇಲಿನ ಸ್ಥಿತಿಗೆ ಕೂತಿದ್ದಾನೆ. ಅದೇ ಓದದೆ ಸುಮ್ನಿರೋ ಹುಡುಗನ್ನ ತೋರ್ಸಿ ಕೇಳಿದ್ರೆ "ಓದ್ತಾ ಇಲ್ಲ" ಅಂತಾರೆ, "ಓದಿಲ್ಲ" ಅಂದ್ರೆ ಅರ್ಥಾನೇ ಬೇರೆ ಆಗೋಗುತ್ತೆ.

ಇದು ಎಲ್ಲಾ ಕಡೆ ಕೆಲಸ ಮಾಡಲ್ಲ, ಮೊದಲೇ ಹೇಳಿಬಿಡ್ತೀನಿ. "ಬಸ್ ನಿಂತಿದೆ" ನೋಡಿ. ಅದು ದ ಬಸ್ ಈಸ್ ಸ್ಟ್ಯಾಂಡಿಂಗ್ ಕೂಡ ಹೌದು, ದ ಬಸ್ ಹ್ಯಾಸ್ ಸ್ಟಾಪ್ಡ್ ಕೂಡ ಹೌದು. ಓಡ್ತಿದ್ದ ಬಸ್ಸಿನ ಒಳಗಿರೋನು ಹೇಳಿದ್ರೆ ಸ್ಟಾಪ್ಡ್, ರಸ್ತೆಯಲ್ಲಿರೋನು ಹೇಳಿದ್ರೆ ಸ್ಟ್ಯಾಂಡಿಂಗ್. ಹಿಂದೆ ಮುಂದೆ ವಾಕ್ಯ ಇಲ್ಲದೆ ಒಂಟಿಯಾಗಿ ಕೊಟ್ರೆ ಯಾವುದು ಬರೆದ್ರೂ ಮಾರ್ಕ್ಸ್ ಕೊಡಬೇಕು.

ಹಳೇಮೇಷ್ಟ್ರು

ನಿಷೇಧದ ಉಪಾಯ ಚೆನ್ನಾಗಿದೆ, ಒಪ್ತೀನಿ. ಆದರೆ ಪೇಪರ್ ತಿದ್ದೋರ ಕೈಲಿ ಮಾದರಿ ಉತ್ತರ ಇರುತ್ತೆ. ಅದರಲ್ಲಿ ಕುಳಿತುಕೊಳ್ಳುತ್ತಿದ್ದಾನೆ ಅಂತ ಇದ್ರೆ ಹುಡುಗಿಗೆ ಮಾರ್ಕ್ಸ್ ಹೋಗುತ್ತೆ, ಅದಕ್ಕೆ ಯಾರು ಹೊಣೆ?

ಇನ್ನೊಂದು, ನೀವು ಹ್ಯಾಡ್ ಬಗ್ಗೆ ಹೇಳಿ ಬಿಟ್ಬಿಟ್ರಿ. ಅದರಲ್ಲೇ ಮಕ್ಕಳು ಹೆಚ್ಚು ಎಡವೋದು. "ನಿನ್ನೆ ಆಫೀಸಿಗೆ ಹೋಗಿದ್ದೆ", "ಐ ಹ್ಯಾಡ್ ಗಾನ್ ಟು ಆಫೀಸ್ ಎಸ್ಟರ್‌ಡೇ", ಚಾರ್ಟ್ ಪ್ರಕಾರ ಪಾಸ್ಟ್ ಪರ್ಫೆಕ್ಟ್, ಇದರಲ್ಲೂ ತಪ್ಪಿದೆ ಅಂತೀರಾ?

ಸಬ್‌ಟೈಟಲ್_ಸೀನ

ಇದೆ ಮೇಷ್ಟ್ರೇ. ಅಲ್ಲಿ "ವೆಂಟ್" ಸಾಕು.

ಇಂಗ್ಲಿಷಿನ ಹ್ಯಾಡ್‌ಗೆ ಎರಡು ಹಳೇ ಘಟನೆ ಬೇಕು, ಒಂದಕ್ಕಿಂತ ಇನ್ನೊಂದು ಹಿಂದೆ. "ನಾನು ಸ್ಟೇಷನ್ ಮುಟ್ಟೋಷ್ಟರಲ್ಲಿ ರೈಲು ಹೊರಟುಹೋಗಿತ್ತು", ಇಲ್ಲಿ ದ ಟ್ರೇನ್ ಹ್ಯಾಡ್ ಲೆಫ್ಟ್ ಸರಿ. ಯಾಕಂದ್ರೆ ನಾನು ಮುಟ್ಟಿದ್ದು ಒಂದು, ಅದಕ್ಕೂ ಮೊದಲು ರೈಲು ಹೋದದ್ದು ಇನ್ನೊಂದು.

ಕನ್ನಡದ "ಹೋಗಿದ್ದೆ"ಗೆ ಎರಡನೇ ಘಟನೆ ಬೇಕಿಲ್ಲ. ಅದು ಹೇಳೋದು ಹೋದ ಸ್ಥಿತೀಲಿ ಇದ್ದೆ, ಈಗ ಆ ಸ್ಥಿತೀಲಿಲ್ಲ, ವಾಪಸ್ ಬಂದಾಯ್ತು ಅಂತ. "ನಿನ್ನೆ ಎಲ್ಲಿದ್ದೆ?" ಅಂತ ಕೇಳಿದ್ರೆ "ಆಫೀಸಿಗೆ ಹೋದೆ" ಅಂತ ಯಾರೂ ಹೇಳಲ್ಲ, ಹೋಗಿದ್ದೆ ಅಂತಾರೆ. "ಹೋದೆ" ಅಂದ್ರೆ ಕೇಳೋನು ಮುಂದಕ್ಕೆ ಕಾಯ್ತಾನೆ. ಹೋದೆ, ನೋಡಿದೆ, ಬಾಗಿಲು ಹಾಕಿತ್ತು, ವಾಪಸ್ ಬಂದೆ, ಹೀಗೆ ಕಥೆ ಸಾಗಬೇಕು. "ನೀನು ಫೋನ್ ಮಾಡಿದ್ದೆಯಾ?" "ಹೂಂ, ಮಾಡಿದ್ದೆ", ಇದೂ ಡಿಡ್ ಯೂ ಕಾಲ್, ಎಸ್ ಐ ಡಿಡ್ ಅಷ್ಟೇ. ಹಾಗಾಗಿ ವಾಕ್ಯದಲ್ಲಿ "ಅಷ್ಟರಲ್ಲಿ", "ಅದಕ್ಕೂ ಮೊದಲು" ಥರದ್ದೇನಾದ್ರೂ ಇದೆಯಾ ನೋಡಿ, ಇಲ್ಲಾಂದ್ರೆ ಹಿಂದಿನ ವಾಕ್ಯದಿಂದಾದ್ರೂ ಎರಡನೇ ಘಟನೆ ಸಿಗುತ್ತಾ ನೋಡಿ. ಎರಡೂ ಇಲ್ಲ ಅಂದ್ರೆ ಹ್ಯಾಡ್ ಬೇಡ.

ಮಾದರಿ ಉತ್ತರದ ವಿಷಯಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಒತ್ತಕ್ಷರ

ಪ್ರೂಫ್ ನೋಡೋಳು ನಾನು, ಒಂದು ಸಣ್ಣ ತಕರಾರು ಸೇರಿಸ್ತೀನಿ. ಬರವಣಿಗೇಲಿ ಇದೆಲ್ಲಾ ಒಂದು ಒತ್ತಿನ ಮೇಲೆ ನಿಂತಿದೆ. "ನಾನು ಮಾಡಿದೆ" ಐ ಡಿಡ್, "ನಾನು ಮಾಡಿದ್ದೆ" ಐ ಹ್ಯಾಡ್ ಡನ್. ಟೈಪ್ ಮಾಡುವಾಗ ಒಂದು ದ ಒತ್ತು ಜಾರಿದ್ರೆ ಕಾಲಾನೇ ಬದಲಾಗುತ್ತೆ, ಸ್ಪೆಲ್ ಚೆಕ್‌ಗೆ ಸಿಕ್ಕಲ್ಲ, ಯಾಕಂದ್ರೆ ಎರಡೂ ಸರಿಯಾದ ಪದಗಳೇ. ಇದಕ್ಕಿಂತ ಮಜಾ ಅಂದ್ರೆ "ಮಾಡಿದೆ" ಒಂದೇ ಪದ ಎರಡು ಕಡೆ ಎರಡು ಕಾಲ. "ನಾನು ತೀರ್ಮಾನ ಮಾಡಿದೆ" ಅಂದ್ರೆ ಐ ಡಿಸೈಡೆಡ್, "ಸಮಿತಿ ತೀರ್ಮಾನ ಮಾಡಿದೆ" ಅಂದ್ರೆ ದ ಕಮಿಟಿ ಹ್ಯಾಸ್ ಡಿಸೈಡೆಡ್. ಮೊದಲನೇದು ಮಾಡಿದ ಜೊತೆ ಎ, ಎರಡನೇದು ಮಾಡಿ ಜೊತೆ ಇದೆ. ಸುದ್ದಿ ಪ್ರತಿಗಳಲ್ಲಿ ದಿನವಿಡೀ ಈ ಎರಡನೇದೇ, ಘೋಷಿಸಿದೆ, ತಿಳಿಸಿದೆ, ಆದೇಶಿಸಿದೆ. ಅದೇ ಸುದ್ದಿ ಇಂಗ್ಲಿಷಲ್ಲಿ ಬಂದಾಗ ದಿನಾಂಕ ಜೊತೆಗಿದ್ರೆ ಅನೌನ್ಸ್ಡ್ ಅಂತ ಬರೀ ಪಾಸ್ಟ್ ಇರುತ್ತೆ. "ಸೋಮವಾರ ಘೋಷಿಸಿದೆ" ನಮಗೆ ನಡೆಯುತ್ತೆ, "ಹ್ಯಾಸ್ ಅನೌನ್ಸ್ಡ್ ಆನ್ ಮಂಡೇ" ಅವರಿಗೆ ನಡೆಯಲ್ಲ.

ಇಂಟರ್‌ವ್ಯೂ_ಮುಂದಿನವಾರ

ಅಯ್ಯೋ ಹಾಗಾದ್ರೆ "ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2018" ಕೂಡ ತಪ್ಪಾ? ರೆಸ್ಯೂಮಲ್ಲಿ ಹಾಗೇ ಹಾಕಿದೀನಲ್ಲಾ.

ಒತ್ತಕ್ಷರ

ಹೌದು, ಹ್ಯಾವ್ ತೆಗೀರಿ ಇಲ್ಲಾ 2018 ತೆಗೀರಿ. ರೆಸ್ಯೂಮಲ್ಲಿ ವರ್ಷ ಬೇಕಲ್ವಾ, ಹ್ಯಾವ್ ತೆಗೀರಿ.

ಗುರುಪಾದ_ಉ

ಒಂದು ಸಂಶಯ. "ನಿನ್ನೆ ಬಂದಾನ" ಅನ್ನೋದು ನಮಗ ನಡಿತೈತಿ, ಅಂವ ಇನ್ನೂ ಇಲ್ಲೇ ಅದಾನ ಅಂತ ಅರ್ಥ. ಆದ್ರ ಮುಂಜಾನೆ ಎದ್ದು ಅಂಗಳ ತೊಯ್ದದ್ದು ನೋಡಿ "ರಾತ್ರಿ ಮಳಿ ಬಂದೈತಿ" ಅಂತೀವಲ್ರಿ, ಅಲ್ಲಿ ಮಳಿ ಇನ್ನೂ ಇರಂಗಿಲ್ಲ. ಅದು ಯಾವ ಲೆಕ್ಕ?

ಸಬ್‌ಟೈಟಲ್_ಸೀನ

ನನ್ನ ಪ್ರಕಾರ ಅದೂ ಅದೇ ರೂಪ, ಉಳಿದಿರೋದು ಮಳೆ ಅಲ್ಲ, ಒದ್ದೆ ನೆಲ. ಮಳೆ ಬರುವಾಗ ಎದ್ದು ಕಿಟಕಿಯಿಂದ ನೋಡಿದವನು "ರಾತ್ರಿ ಮಳೆ ಬಂತು" ಅಂತಾನೆ, ನಿದ್ದೆ ಮಾಡಿ ಬೆಳಗ್ಗೆ ಗುರುತು ಮಾತ್ರ ನೋಡಿದವನು "ಬಂದಿದೆ" ಅಂತಾನೆ. ಇಂಗ್ಲಿಷಲ್ಲಿ ಲಾಸ್ಟ್ ನೈಟ್ ಇದ್ರೆ ಹ್ಯಾಸ್ ರೇನ್ಡ್ ಬರಲ್ಲ, "ಇಟ್ ಮಸ್ಟ್ ಹ್ಯಾವ್ ರೇನ್ಡ್ ಲಾಸ್ಟ್ ನೈಟ್" ಅನ್ನೋದು ಹತ್ತಿರ. ಪತ್ತೇದಾರಿ ಸೀನಲ್ಲಿ "ಕಳ್ಳ ಹಿಂಬಾಗಿಲಿಂದ ಬಂದಿದ್ದಾನೆ" ಅಂತ ಇನ್‌ಸ್ಪೆಕ್ಟರ್ ಹೇಳ್ತಾನಲ್ಲ, ಅದಕ್ಕೆ ನಾನು ಪ್ರತಿ ಸಲ "ಕೇಮ್ ಇನ್" ಅಂತಲೇ ಹಾಕೋದು, ಕಳ್ಳ ಅಲ್ಲಿಲ್ಲ, ಹೆಜ್ಜೆ ಗುರುತು ಇದೆ.

ಒತ್ತಕ್ಷರ

ಅಷ್ಟು ಕಟ್ಟುನಿಟ್ಟಾಗಿದೆ ಅಂತ ನನಗನ್ಸಲ್ಲ. ಕಣ್ಣಾರೆ ನೋಡಿದವರೂ "ರಾತ್ರಿ ಜೋರು ಮಳೆ ಬಂದಿದೆ, ಅದಕ್ಕೇ ಕರೆಂಟಿಲ್ಲ" ಅಂತಾರೆ. ಗುರುತಿಗಿಂತ ಈಗಿನ ಪರಿಣಾಮ ಮುಖ್ಯ ಇರಬಹುದು.

ಸಬ್‌ಟೈಟಲ್_ಸೀನ

ಇರಬಹುದು. "ಅದಕ್ಕೇ" ಅಂತ ಮುಂದೆ ಸೇರದೆ ಬರೀ "ಮಳೆ ಬಂದಿದೆ, ನಾನೇ ನೋಡಿದೆ" ಅಂತ ಹೇಳಿ ನೋಡಿ, ನನ್ನ ಕಿವಿಗೆ ಎಡವುತ್ತೆ. ನಿಮ್ಮ ಕಿವಿಗೆ?

ಒತ್ತಕ್ಷರ

ಇಲ್ಲಪ್ಪ, ನನಗೆ ಸಲೀಸಾಗೇ ಇದೆ.

ಗುರುಪಾದ_ಉ

ನನಗ ಎಡವತೈತಿ. 1-1 ಆತು.

ಸುಮಾ_ಟ್ಯೂಷನ್

ಇವತ್ತಿನ ಕ್ಲಾಸಲ್ಲಿ "ಇನ್ನೂ ಕೂತಿಲ್ಲ" ಮಾಡ್ಸಿದೆ. ಒಬ್ಬ ಹುಡುಗನ್ನ ಎಬ್ಬಿಸಿ ಕುರ್ಚಿ ಪಕ್ಕ ನಿಲ್ಸಿ, ಅರ್ಧ ಬಗ್ಗಿಸಿ, ಆಮೇಲೆ ಕೂರ್ಸಿ, ಮೂರು ಸಲ ಇಂಗ್ಲಿಷಲ್ಲಿ ಕೇಳಿದೆ. ಬಗ್ಗಿದಾಗ ಸಿಟ್ಟಿಂಗ್ ಡೌನ್, ಕೂತಾಗ ಸಿಟ್ಟಿಂಗ್, ಎಲ್ಲರೂ ಸರಿ ಹೇಳಿದ್ರು. ಕೊನೇಲಿ ಹಿಂದಿನ ಬೆಂಚಿಂದ ಒಬ್ಬ, ಮಿಸ್ ಆಗಿನಿಂದ ಅವನ್ನ ಕರೀತಿದ್ದೀರಿ, ಅವನು "ಬಂದೆ ಬಂದೆ" ಅಂತ ಕೂತಲ್ಲಿಂದ್ಲೇ ಹೇಳ್ತಿದ್ನಲ್ಲ, ಬರೋದಕ್ಕೆ ಮುಂಚೆ "ಬಂದೆ" ಅಂದ್ರೆ ಅದು ಯಾವ ಟೆನ್ಸು ಅಂದ. ಇಂಗ್ಲಿಷಲ್ಲಿ "ಐ ಆಮ್ ಕಮಿಂಗ್" ಅಂತ ಹೇಳಿ ಕೂರ್ಸಿದೀನಿ. ಕನ್ನಡದಲ್ಲಿ ಯಾಕೆ ಭೂತಕಾಲ ಅಂತ ನಾಳೆ ಕೇಳೇ ಕೇಳ್ತಾನೆ.

ಹಳೇಮೇಷ್ಟ್ರು

ಬಂದಷ್ಟೇ ಖಾತ್ರಿ ಅಂತ ಹೇಳೋದು ಅದು. "ಬಸ್ ಬಂತು, ಏಳಿ" ಅಂತ ಬಸ್ ಇನ್ನೂ ತಿರುವಲ್ಲಿ ಇರುವಾಗ್ಲೇ ಹೇಳ್ತೀವಲ್ಲ ಅಮ್ಮಾ, ಅಂಥದ್ದು. ಅದು ನನ್ನ ಚಾರ್ಟಲ್ಲೂ ಇರಲಿಲ್ಲ.